‘ಮಾನವ ದೋಷ’ ಎಂದು ಬರೆದು ಮುಗಿಸುವ ಮುನ್ನ: ಪ್ರಾಕ್ಟಿಕಲ್ ರೆಕಾರ್ಡಿನ ಕೊನೆಯ ಭಾಗದ ದೋಷ ಪತ್ತೆ

ನಾನು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸುತ್ತೇನೆ. ನಮ್ಮಲ್ಲಿ ಪ್ರತಿ ಪ್ರಯೋಗದ ರೆಕಾರ್ಡಿನ ಕೊನೆಗೆ ಅರ್ಧ ಪುಟದ ಒಂದು ಭಾಗ ಇರುತ್ತದೆ. ಏನು ತಪ್ಪಾಯಿತು, ಏನು ಕಲಿತೆ ಎಂದು ಅಲ್ಲಿ ಬರೆಯಬೇಕು. ರೆಕಾರ್ಡಿನಲ್ಲಿ ಅತಿ ಹೆಚ್ಚು ಕೆಟ್ಟು ಕೂರುವುದೂ ಇದೇ ಭಾಗ. ಕೆಟ್ಟಿದೆ ಅಂದರೆ ಭಾಷೆ ಚೆನ್ನಾಗಿಲ್ಲ ಎಂದಲ್ಲ. ಓದಿದ ಮೇಲೂ ಪ್ರಯೋಗದಲ್ಲಿ ನಡೆದದ್ದೇನು ಅನ್ನುವುದು ಗೊತ್ತಾಗುವುದಿಲ್ಲ.

ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಶನ್ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮ ಮಕ್ಕಳಿಗೆ ಈ ಪ್ರಯೋಗ ಹತ್ತಿರದ್ದು. ಬಕೆಟ್ಟಿಗೆ ಕಟ್ಟುವ ಬಿಳಿ ಕಲೆ, ಸೋಪು ನೊರೆ ಬಾರದಿರುವುದು, ಎಲ್ಲವನ್ನೂ ಮನೆಯಲ್ಲಿ ನೋಡಿರುತ್ತಾರೆ.

ದೋಷದ ಲಕ್ಷಣ

ನನ್ನ ಮೇಜಿಗೆ ಬಂದ ಒಂದು ರೆಕಾರ್ಡಿನಲ್ಲಿ ಹೀಗಿತ್ತು:

“ಪ್ರಯೋಗದಲ್ಲಿ ಮಾನವ ದೋಷ, ಪ್ಯಾರಲಾಕ್ಸ್ ದೋಷ ಮತ್ತು ರಾಸಾಯನಿಕಗಳ ಅಶುದ್ಧತೆಯಿಂದ ಸ್ವಲ್ಪ ವ್ಯತ್ಯಾಸ ಬಂದಿದೆ. ಮುಂದಿನ ಸಲ ಹೆಚ್ಚು ಎಚ್ಚರಿಕೆ ವಹಿಸುತ್ತೇನೆ. ಈ ಪ್ರಯೋಗದಿಂದ ನೀರಿನ ಗಡಸುತನ ಕಂಡುಹಿಡಿಯುವುದನ್ನು ಕಲಿತೆ.”

ಮೊದಲ ಪರೀಕ್ಷೆ ಬಹಳ ಸುಲಭ. ಈ ವಾಕ್ಯಗಳನ್ನು ಎತ್ತಿ ಬೇರೊಂದು ಪ್ರಯೋಗದ ಕೆಳಗೆ ಇಟ್ಟು ನೋಡಿ. ಭೌತಶಾಸ್ತ್ರದ ಲೋಲಕದ ಪ್ರಯೋಗ ಆಗಬಹುದು. ‘ನೀರಿನ ಗಡಸುತನ’ ಅನ್ನುವ ಎರಡು ಪದ ಬದಲಿಸಿದರೆ ಉಳಿದದ್ದೆಲ್ಲ ಅಲ್ಲಿಯೂ ಹಾಗೇ ಕೂರುತ್ತದೆ, ಅಲ್ವಾ? ಹಾಗೆ ಕೂತರೆ ಅದು ನಿಮ್ಮ ಪ್ರಯೋಗದ ಬಗ್ಗೆ ಬರೆದದ್ದಲ್ಲ. ದೋಷ ಇದೆ ಎಂದು ಇಲ್ಲಿಗೇ ಖಚಿತವಾಯಿತು. ಎಲ್ಲಿದೆ ಅನ್ನುವುದನ್ನು ಇನ್ನು ಹುಡುಕಬೇಕು.

ಹುಡುಕುವ ಜಾಗ ಆ ಅರ್ಧ ಪುಟ ಅಲ್ಲ. ಅದಕ್ಕೆ ಎರಡು ಪುಟ ಹಿಂದಿರುವ ರೀಡಿಂಗ್ ಟೇಬಲ್ಲು.

ರೀಡಿಂಗ್ ಟೇಬಲ್ಲನ್ನು ಓದುವುದು

ಪ್ರಯೋಗ ಗೊತ್ತಿಲ್ಲದವರಿಗೆ ಎರಡು ಮಾತು. ಪಿಪೆಟ್ಟಿನಲ್ಲಿ 50 ಮಿ.ಲೀ. ನೀರನ್ನು ಅಳೆದು ಕೋನಿಕಲ್ ಫ್ಲಾಸ್ಕಿಗೆ ಹಾಕುತ್ತೇವೆ. ಪಿಎಚ್ ಸುಮಾರು 10ರಲ್ಲಿ ನಿಲ್ಲಲಿ ಎಂದು ಅಮೋನಿಯಾ ಬಫರ್ ಸೇರಿಸುತ್ತೇವೆ. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನುವ ಸೂಚಕವನ್ನು ಚಿಟಿಕೆಯಷ್ಟು ಹಾಕಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಆಮೇಲೆ ಬ್ಯುರೆಟ್ಟಿನಿಂದ 0.01 ಮೋಲಾರ್ ಇಡಿಟಿಎ ಬಿಡುತ್ತಾ ಹೋಗುತ್ತೇವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಇಡಿಟಿಎ ಹಿಡಿದುಕೊಂಡ ಕ್ಷಣ ಬಣ್ಣ ನೀಲಿಗೆ ತಿರುಗುತ್ತದೆ. ಅದೇ ಎಂಡ್ ಪಾಯಿಂಟ್. ಈ ಇಡಿಟಿಎ 1 ಮಿ.ಲೀ. ಖರ್ಚಾದರೆ ನೀರಿನಲ್ಲಿ 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಗಡಸುತನ ಇದೆ ಎಂದರ್ಥ. ನಾವು ತೆಗೆದುಕೊಂಡದ್ದು 50 ಮಿ.ಲೀ. ಆದ್ದರಿಂದ ರೀಡಿಂಗನ್ನು 20ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿ.ಗ್ರಾಂ ಅನ್ನುವುದು ಸಿಗುತ್ತದೆ.

ಆ ವಿದ್ಯಾರ್ಥಿನಿಯ ಟೇಬಲ್ ಹೀಗಿತ್ತು. ಮೊದಲ ಸಲ 0.0ರಿಂದ 18.8ರವರೆಗೆ, ಅಂದರೆ 18.8 ಮಿ.ಲೀ. ಎರಡನೇ ಸಲ 18.8ರಿಂದ 37.3ರವರೆಗೆ, ಅಂದರೆ 18.5. ಮೂರನೇ ಸಲ 0.0ರಿಂದ 18.1. ನಾಲ್ಕನೇ ಸಲ 18.1ರಿಂದ 36.1, ಅಂದರೆ 18.0. ಅವಳು ನಾಲ್ಕನ್ನೂ ಕೂಡಿಸಿ ಸರಾಸರಿ 18.35 ತೆಗೆದು, ಲೀಟರಿಗೆ 367 ಮಿ.ಗ್ರಾಂ ಎಂದು ಬರೆದಿದ್ದಳು. ಅದೇ ಕ್ಯಾನಿನ ನೀರು ತೆಗೆದುಕೊಂಡ ಪಕ್ಕದ ಮೇಜಿನವರಿಗೆ 18.0, 18.0, 18.1 ಬಂದಿತ್ತು.

ಈಗ ಅವಳು ಬರೆದ ಮೂರು ಕಾರಣಗಳನ್ನು ಈ ಅಂಕಿಗಳ ಪಕ್ಕದಲ್ಲಿ ಇಡೋಣ. ಪ್ರತಿ ಕಾರಣಕ್ಕೂ ಕೇಳಬೇಕಾದ ಪ್ರಶ್ನೆ ಎರಡೇ. ಇದು ನಿಜವಾಗಿದ್ದರೆ ರೀಡಿಂಗ್ ಯಾವ ಕಡೆಗೆ ಜಾರಬೇಕಿತ್ತು? ಎಷ್ಟು ಜಾರಬೇಕಿತ್ತು?

ರಾಸಾಯನಿಕದ ಅಶುದ್ಧತೆಯನ್ನು ನೋಡಿ. ಇಡಿಟಿಎ ಶುದ್ಧವಾಗಿರದೆ ದ್ರಾವಣ ತೆಳುವಾಗಿದ್ದರೆ ನಾಲ್ಕೂ ರೀಡಿಂಗ್ ಒಂದೇ ಪ್ರಮಾಣದಲ್ಲಿ ಜಾಸ್ತಿ ಬರಬೇಕಿತ್ತು. ಒಂದೇ ಬಾಟಲಿಯ ದ್ರಾವಣ ಮೊದಲ ಸಲ ಅಶುದ್ಧ, ನಾಲ್ಕನೇ ಸಲ ಶುದ್ಧ ಆಗಲಾರದು. ಜೊತೆಗೆ ಪಕ್ಕದ ಮೇಜಿನವರು ಬಳಸಿದ್ದೂ ಅದೇ ಬಾಟಲಿ. ಈ ಕಾರಣ ಹೋಯಿತು.

ಪ್ಯಾರಲಾಕ್ಸ್ ಅಂದರೆ ಕಣ್ಣು ದ್ರವದ ಮಟ್ಟಕ್ಕೆ ಸಮನಾಗಿ ಇಲ್ಲದಿರುವುದು. ಆದರೆ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಯ ರೀಡಿಂಗಿನಿಂದ ಮೊದಲಿನದನ್ನು ಕಳೆದ ಉತ್ತರ. ಎರಡು ಸಲವೂ ಕಣ್ಣು ಒಂದೇ ಥರ ಮೇಲಿದ್ದರೆ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಒಂದೊಂದು ಸಲ ಒಂದೊಂದು ಥರ ಇದ್ದರೆ ಅಂಕಿಗಳು ಮೇಲೆ ಕೆಳಗೆ ಚೆಲ್ಲಾಡುತ್ತವೆ. 18.8, 18.5, 18.1, 18.0 ಎಂದು ಸಾಲಾಗಿ ಮೆಟ್ಟಿಲಿಳಿಯಲು ಅದಕ್ಕೆ ಕಾರಣವೇ ಇಲ್ಲ. ಹಾಗಾಗಿ ಇದೂ ಇಲ್ಲಿಗೆ ಹೊಂದುವುದಿಲ್ಲ.

‘ಮಾನವ ದೋಷ’ ಅನ್ನುವುದಕ್ಕೆ ದಿಕ್ಕೂ ಇಲ್ಲ, ಅಳತೆಯೂ ಇಲ್ಲ. ಅದನ್ನು ಸರಿ ಅಥವಾ ತಪ್ಪು ಎಂದು ಪರೀಕ್ಷಿಸಲು ಆಗುವುದೇ ಇಲ್ಲ. ಅದಕ್ಕೇ ನಾನು ಆ ಪದವನ್ನು ಒಪ್ಪುವುದಿಲ್ಲ. ಯಾವ ಕೈ, ಯಾವ ಗಾಜು, ಯಾವ ಹೊತ್ತಿನಲ್ಲಿ ಎಂದು ಹೇಳುವವರೆಗೂ ಅದು ಕಾರಣವಲ್ಲ.

ಮೆಟ್ಟಿಲು ಎಲ್ಲಿದೆ?

ಅವಳನ್ನು ಕರೆದು ಟೇಬಲ್ ಮುಂದಿಟ್ಟೆ. “ಎರಡನೇದಕ್ಕೂ ಮೂರನೇದಕ್ಕೂ ಮಧ್ಯೆ ಏನು ಮಾಡಿದೆಯಮ್ಮಾ?” ಎಂದು ಕೇಳಿದೆ.

“ಏನೂ ಇಲ್ಲ ಮೇಡಂ. ಬ್ಯುರೆಟ್ ಖಾಲಿಯಾಗ್ತಾ ಬಂದಿತ್ತು, ತುಂಬಿಸಿಕೊಂಡೆ.”

ಟೇಬಲ್ ಕೂಡ ಅದನ್ನೇ ಹೇಳುತ್ತಿತ್ತು. ಮೂರನೇ ಸಲದ ಮೊದಲ ರೀಡಿಂಗ್ ಮತ್ತೆ 0.0. ಬ್ಯುರೆಟ್ 50 ಮಿ.ಲೀ.ನದು. 37.3ರಷ್ಟು ಖರ್ಚಾದ ಮೇಲೆ ಉಳಿದದ್ದು 12.7, ಇನ್ನೊಂದು ಸಲಕ್ಕೆ ಸಾಲದು. ಅಂದರೆ ಜಾಸ್ತಿ ಬಂದ ಎರಡು ರೀಡಿಂಗ್ ಮೊದಲ ತುಂಬುವಿಕೆಯವು. ಸರಿಯಾಗಿ ಬಂದ ಎರಡು ರೀಡಿಂಗ್ ಎರಡನೇ ತುಂಬುವಿಕೆಯವು. ಮೊದಲ ತುಂಬುವಿಕೆಯಲ್ಲಿ ಏನೋ ಇತ್ತು.

“ಮೊದಲು ಬ್ಯುರೆಟ್ ಯಾವುದರಿಂದ ತೊಳೆದೆ?”

“ಡಿಸ್ಟಿಲ್ಡ್ ವಾಟರ್‌ನಲ್ಲಿ ಮೇಡಂ. ಚೆನ್ನಾಗಿ ಎರಡು ಸಲ.”

“ಆಮೇಲೆ ಇಡಿಟಿಎ ಹಾಕಿ ಒಂದು ಸಲ ಆಡಿಸಿ ಚೆಲ್ಲಿದೆಯಾ?”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಇಲ್ಲ ಎಂದಳು.

ಹಾಗಾದರೆ ಬ್ಯುರೆಟ್ಟಿನ ತಳದಲ್ಲಿ ನೀರು ಉಳಿದಿತ್ತು. 50ರ ಗೆರೆಯ ಕೆಳಗೆ, ತಿರುಪಿನ ಮೇಲೆ, ಗೆರೆಯಿಲ್ಲದ ಒಂದು ಜಾಗ ಇದೆ. ನೀರನ್ನು ಪೂರ್ತಿ ಇಳಿಸದಿದ್ದರೆ ಅಲ್ಲಿ ಒಂದೆರಡು ಮಿ.ಲೀ. ಸುಲಭವಾಗಿ ನಿಂತುಬಿಡುತ್ತದೆ. ಮೇಲಿಂದ ಇಡಿಟಿಎ ಸುರಿದಾಗ ಈ ನೀರು ಅದರ ಜೊತೆ ಅರೆಬರೆ ಬೆರೆಯುತ್ತದೆ. ತಳದಲ್ಲಿ ದ್ರಾವಣ ಹೆಚ್ಚು ತೆಳು, ಮೇಲೆ ಕಡಿಮೆ ತೆಳು. ತಳದ್ದೇ ಮೊದಲು ಇಳಿಯುವುದರಿಂದ ಮೊದಲ ರೀಡಿಂಗ್ ಅತಿ ಜಾಸ್ತಿ ಬರಬೇಕು, ಎರಡನೇದು ಅದಕ್ಕಿಂತ ಕಡಿಮೆ. ಮತ್ತೆ ತುಂಬಿಸಿದ ಮೇಲೆ ನೀರು ಹೆಚ್ಚುಕಮ್ಮಿ ಮುಗಿದಿರುತ್ತದೆ. ದಿಕ್ಕು ಹೊಂದಿತು.

ಅಳತೆಯೂ ಹೊಂದಬೇಕು. ನಿಜವಾದ ರೀಡಿಂಗ್ 18.0 ಎಂದಿಟ್ಟುಕೊಂಡರೆ ಮೊದಲ ಸಲ 0.8, ಎರಡನೇ ಸಲ 0.5 ಹೆಚ್ಚು. ಕೂಡಿದರೆ 1.3 ಮಿ.ಲೀ. ಮೂರನೇದರಲ್ಲಿ ಇನ್ನೂ 0.1 ಉಳಿದಿದೆ. ಹಾಗಾದರೆ ಮೊದಲಿಗೆ ತಳದಲ್ಲಿ ಇದ್ದದ್ದು ಸುಮಾರು ಒಂದೂವರೆ ಮಿ.ಲೀ. ನೀರು. ಆ ಜಾಗದಲ್ಲಿ ನಿಲ್ಲಬಹುದಾದಷ್ಟೇ. ಲೆಕ್ಕ 5 ಅಥವಾ 10 ಮಿ.ಲೀ. ಎಂದು ಬಂದಿದ್ದರೆ ನಾನು ಈ ಕಾರಣವನ್ನೂ ಬಿಡುತ್ತಿದ್ದೆ.

ಎದುರಾಳಿ ಕಾರಣವನ್ನು ಬಿಟ್ಟುಬಿಡಬೇಡಿ

ಇಲ್ಲಿ ಒಂದು ಜಾಗ್ರತೆ ಬೇಕು. ಒಳ್ಳೆಯ ವಿದ್ಯಾರ್ಥಿಗಳೂ ಎಡವುವುದು ಇಲ್ಲೇ. ಹೊಂದುವ ಕಾರಣ ಒಂದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತಾರೆ. ಇಳಿಯುತ್ತಾ ಬರುವ ರೀಡಿಂಗಿಗೆ ಇನ್ನೊಂದು ವಿವರಣೆಯೂ ಇದೆ. ಮೊದಮೊದಲು ನೀಲಿ ಬಣ್ಣ ಯಾವಾಗ ಬಂತು ಎಂದು ಗೊತ್ತಾಗದೆ ಎಂಡ್ ಪಾಯಿಂಟ್ ದಾಟಿ ಇಡಿಟಿಎ ಬಿಡುತ್ತೇವೆ. ಕಣ್ಣು ಪಳಗಿದಂತೆ ದಾಟುವುದು ಕಡಿಮೆಯಾಗುತ್ತದೆ. ಇದರ ದಿಕ್ಕೂ ಅದೇ.

ಎರಡನ್ನೂ ಬೇರ್ಪಡಿಸುವುದು ಅಳತೆ. ಬ್ಯುರೆಟ್ಟಿನ ಒಂದು ಹನಿ ಸುಮಾರು 0.05 ಮಿ.ಲೀ. ಹಾಗಾಗಿ 0.8 ಮಿ.ಲೀ. ಅಂದರೆ 16 ಹನಿ. ಮೊದಲ ಸಲ ಅಷ್ಟು ದಾಟಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಎರಡನೇ ಸಲವೂ 10 ಹನಿ ದಾಟಿ, ತುಂಬಿಸಿಕೊಂಡ ಕೂಡಲೇ ಕಣ್ಣು ಪಳಗಿಬಿಟ್ಟಿತು ಅನ್ನುವುದು ಕಷ್ಟ. ಅದೂ ಅಲ್ಲದೆ ಎರಡನೇ ಸಲ ಅವಳು ಕೊನೆಯಲ್ಲಿ ಹನಿ ಹನಿಯಾಗಿ ಬಿಟ್ಟಿದ್ದಳು. ಹನಿ ಹನಿಯಾಗಿ ಬಿಡುವವರು ನೀಲಿ ಕಂಡ ಮೇಲೆ ಹತ್ತು ಹನಿ ಬಿಡುವುದಿಲ್ಲ.

ಆದರೂ ಇದು ವಾದವೇ ಹೊರತು ಪುರಾವೆ ಅಲ್ಲ. ಪುರಾವೆ ಬೇಕಾದರೆ ತಪ್ಪನ್ನು ಬೇಕೆಂದೇ ಮತ್ತೆ ಮಾಡಿ ನೋಡಬೇಕು. ಮುಂದಿನ ವಾರ ಬೇರೆ ಪ್ರಯೋಗದ ನಡುವೆ ಅವಳಿಗೆ ಸ್ವಲ್ಪ ಸಮಯ ಕೊಟ್ಟೆ. ಬ್ಯುರೆಟ್ ತೊಳೆದು, ತಳದಲ್ಲಿ ನೀರನ್ನು ಹಾಗೇ ಬಿಟ್ಟು, ಇಡಿಟಿಎ ತುಂಬಿಸಿ, ಕಾದಿಟ್ಟಿದ್ದ ಅದೇ ನೀರನ್ನು ಟೈಟ್ರೇಟ್ ಮಾಡಿದಳು. 18.7 ಬಂತು. ಈಗ ಅವಳ ಕಣ್ಣು ಪಳಗಿತ್ತು, ಬಣ್ಣದ ಅನುಮಾನ ಇರಲಿಲ್ಲ. ಆಮೇಲೆ ಪೂರ್ತಿ ಇಳಿಸಿ, ಇಡಿಟಿಎಯಿಂದಲೇ ಎರಡು ಸಲ ಆಡಿಸಿ ಚೆಲ್ಲಿ, ಮತ್ತೆ ತುಂಬಿಸಿದಳು. 18.0.

ತಿದ್ದಿ ಬರೆದದ್ದು

ಅವಳು ರೆಕಾರ್ಡಿನಲ್ಲಿ ಹಳೆಯ ಭಾಗಕ್ಕೆ ಒಂದೇ ಗೆರೆ ಎಳೆದು ಕೆಳಗೆ ಹೀಗೆ ಬರೆದಳು:

“ಮೊದಲ ಎರಡು ರೀಡಿಂಗ್ (18.8, 18.5) ಕೊನೆಯ ಎರಡಕ್ಕಿಂತ (18.1, 18.0) ಹೆಚ್ಚಿವೆ. ವ್ಯತ್ಯಾಸ ಬಂದದ್ದು ಬ್ಯುರೆಟ್ ಮತ್ತೆ ತುಂಬಿಸಿದ ಜಾಗದಲ್ಲಿ. ನಾನು ಬ್ಯುರೆಟ್ಟನ್ನು ನೀರಿನಿಂದ ತೊಳೆದ ಮೇಲೆ ಇಡಿಟಿಎಯಿಂದ ಆಡಿಸಿರಲಿಲ್ಲ. ತಳದಲ್ಲಿ ಸುಮಾರು 1.5 ಮಿ.ಲೀ. ನೀರು ಉಳಿದಿದ್ದರೆ ಇಷ್ಟೇ ವ್ಯತ್ಯಾಸ ಬರುತ್ತದೆ. ನೀರು ಬಿಟ್ಟು ಮತ್ತೆ ಮಾಡಿದಾಗ 18.7, ಸರಿಯಾಗಿ ಆಡಿಸಿ ಮಾಡಿದಾಗ 18.0 ಬಂತು. ಮೊದಲ ರೀಡಿಂಗಿನಲ್ಲಿ ಎಂಡ್ ಪಾಯಿಂಟ್ ದಾಟಿದ್ದೂ ಸ್ವಲ್ಪ ಸೇರಿರಬಹುದು, ಅದನ್ನು ನಾನು ಆ ದಿನ ಗಮನಿಸಲಿಲ್ಲ. ಕೊನೆಯ ಎರಡನ್ನು ಮಾತ್ರ ತೆಗೆದುಕೊಂಡರೆ ಗಡಸುತನ ಲೀಟರಿಗೆ 361 ಮಿ.ಗ್ರಾಂ. ಮೊದಲು ಬರೆದದ್ದು 367. ನೀರಿನ ಬಗೆಗಿನ ತೀರ್ಮಾನ ಇದರಿಂದ ಬದಲಾಗುವುದಿಲ್ಲ.”

ಕೊನೆಯ ವಾಕ್ಯವನ್ನು ನಾನು ಹೇಳಿಕೊಟ್ಟಿರಲಿಲ್ಲ. ಓದಿ ತುಂಬಾ ಸಂತೋಷವಾಯಿತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. 361 ಆದರೂ 367 ಆದರೂ ಆ ನೀರು ಇವೆರಡರ ಮಧ್ಯದಲ್ಲೇ ಇರುತ್ತದೆ. ತಪ್ಪು ನಡೆದಿತ್ತು, ಆದರೆ ಅದರ ಬೆಲೆ 6 ಮಿ.ಗ್ರಾಂ ಮಾತ್ರ. ಅಂಕಿ 598 ಇದ್ದಿದ್ದರೆ ಇದೇ 6 ಮಿ.ಗ್ರಾಂ ದೊಡ್ಡ ಮಾತಾಗುತ್ತಿತ್ತು. ತಪ್ಪಿನ ಹೆಸರಿನ ಜೊತೆ ಅದರ ಬೆಲೆಯನ್ನೂ ಬರೆದಾಗ ಓದುವವರಿಗೆ ಫಲಿತಾಂಶವನ್ನು ಎಷ್ಟು ನಂಬಬಹುದು ಎಂದು ತಿಳಿಯುತ್ತದೆ.

“ಪಾತ್ರೆಗಳನ್ನು ಸರಿಯಾಗಿ ತೊಳೆಯಲಿಲ್ಲ” ಎಂದು ಬರೆದರೆ?

ಇದು ‘ಮಾನವ ದೋಷ’ಕ್ಕಿಂತ ಒಂದು ಹೆಜ್ಜೆ ಮುಂದೆ, ನಿಜ. ಆದರೂ ಸಾಲದು. ಯಾವ ಪಾತ್ರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಬ್ಯುರೆಟ್ಟಿನಲ್ಲಿ ನೀರು ಉಳಿದರೆ ರೀಡಿಂಗ್ ಜಾಸ್ತಿಯಾಗುತ್ತದೆ ಎಂದು ಈಗ ನೋಡಿದೆವು. ಅದೇ ನೀರು ಪಿಪೆಟ್ಟಿನಲ್ಲಿ ಉಳಿದರೆ ರೀಡಿಂಗ್ ಕಡಿಮೆಯಾಗುತ್ತದೆ. ಅಳೆದ 50 ಮಿ.ಲೀ.ಯಲ್ಲಿ ಸ್ವಲ್ಪ ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ನೀರು ಇರುತ್ತದೆ. ಮೊದಲ ರೀಡಿಂಗ್ ಕಡಿಮೆ ಬಂದು ಆಮೇಲೆ ಏರುತ್ತದೆ. ಇನ್ನು ಕೋನಿಕಲ್ ಫ್ಲಾಸ್ಕಿನಲ್ಲಿ ಡಿಸ್ಟಿಲ್ಡ್ ನೀರು ಎಷ್ಟಿದ್ದರೂ ಏನೂ ಆಗುವುದಿಲ್ಲ. ಒಳಗೆ ಹೋದ ಕ್ಯಾಲ್ಸಿಯಂ ಅಷ್ಟೇ ಇರುತ್ತದೆ. ಆದರೆ ‘ಸ್ವಚ್ಛವಾಗಿರಲಿ’ ಎಂದು ಫ್ಲಾಸ್ಕನ್ನು ಅದೇ ಬೋರ್‌ವೆಲ್ ನೀರಿನಿಂದ ತೊಳೆದರೆ ಗೋಡೆಗೆ ಅಂಟಿದ ನೀರೂ ಲೆಕ್ಕಕ್ಕೆ ಸೇರಿ, ಪ್ರತಿ ರೀಡಿಂಗೂ ಜಾಸ್ತಿ ಬರುತ್ತದೆ.

ಮೂರು ಗಾಜಿನ ಪಾತ್ರೆ, ಮೂರು ಬೇರೆ ಬೇರೆ ಫಲ. ನಿಮ್ಮ ಟೇಬಲ್ಲಿನಲ್ಲಿ ರೀಡಿಂಗ್ ಏರುತ್ತಾ ಹೋಗಿದ್ದು, ಕೊನೆಯ ಭಾಗದಲ್ಲಿ ನೀವು ಬ್ಯುರೆಟ್ಟನ್ನು ದೂರಿದ್ದರೆ, ಪರೀಕ್ಷಕರಿಗೆ ಒಂದೇ ನೋಟದಲ್ಲಿ ಗೊತ್ತಾಗುತ್ತದೆ.

‘ಕಲಿತದ್ದು’ ಅನ್ನುವ ಸಾಲಿನ ದೋಷ

“ಗಡಸುತನ ಕಂಡುಹಿಡಿಯುವುದನ್ನು ಕಲಿತೆ” ಅನ್ನುವುದು ಪ್ರಯೋಗದ ಉದ್ದೇಶವನ್ನೇ ತಿರುಗಿಸಿ ಬರೆದದ್ದು. ಅದು ಮೊದಲ ಪುಟದಲ್ಲೇ ಇದೆ. ಇದಕ್ಕೆ ನನ್ನ ಪರೀಕ್ಷೆ: ಪ್ರಯೋಗಕ್ಕೆ ಮುಂಚೆ, ಪುಸ್ತಕ ಮಾತ್ರ ಓದಿ, ಈ ವಾಕ್ಯ ಬರೆಯಲು ಆಗುತ್ತಿತ್ತಾ? ಆಗುತ್ತಿದ್ದರೆ ತೆಗೆದುಹಾಕಿ.

ಆ ವಿದ್ಯಾರ್ಥಿನಿ ಕೊನೆಗೆ ಬರೆದ ಸಾಲು ಇದು: “ಇನ್ನು ಮೇಲೆ ಮೊದಲ ರೀಡಿಂಗ್ ಎರಡನೇದಕ್ಕಿಂತ 0.1ಕ್ಕಿಂತ ಹೆಚ್ಚು ದೂರ ಇದ್ದರೆ ಮೂರನೇದಕ್ಕೆ ಹೋಗುವ ಮುಂಚೆ ಬ್ಯುರೆಟ್ ಇಳಿಸಿ ನೋಡುತ್ತೇನೆ.” ಇದರಲ್ಲಿ ಒಂದು ಅಂಕಿ ಇದೆ, ಒಂದು ಹೊತ್ತು ಇದೆ, ಕೈಯಲ್ಲಿ ಮಾಡುವ ಒಂದು ಕೆಲಸ ಇದೆ. ‘ಎಚ್ಚರಿಕೆ ವಹಿಸುತ್ತೇನೆ’ ಅನ್ನುವುದರಲ್ಲಿ ಮೂರೂ ಇಲ್ಲ.

ಬರೆಯಲು ಏನೂ ಸಿಗದಿದ್ದರೆ

ಇದು ಬರವಣಿಗೆಯ ದೋಷವಲ್ಲ, ಟಿಪ್ಪಣಿಯ ದೋಷ. ರೆಕಾರ್ಡನ್ನು ಸಾಮಾನ್ಯವಾಗಿ ಒಂದು ವಾರದ ನಂತರ ಬರೆಯುತ್ತಾರೆ. ಅಷ್ಟು ಹೊತ್ತಿಗೆ ಯಾವಾಗ ತುಂಬಿಸಿದೆ, ಬಣ್ಣ ಹೇಗಿತ್ತು ಅನ್ನುವುದು ಮರೆತಿರುತ್ತದೆ. ಮೇಲಿನ ಪತ್ತೆ ಸಾಧ್ಯವಾದದ್ದು ಅವಳು ಪ್ರತಿ ಸಲದ ಮೊದಲ ರೀಡಿಂಗನ್ನೂ ಬರೆದಿದ್ದರಿಂದ. ಬರೀ 18.8, 18.5, 18.1, 18.0 ಎಂದು ವ್ಯತ್ಯಾಸ ಮಾತ್ರ ಬರೆದಿದ್ದರೆ ತುಂಬಿಸಿದ ಜಾಗ ಕಾಣುತ್ತಲೇ ಇರಲಿಲ್ಲ. ಅಬ್ಸರ್ವೇಶನ್ ಪುಸ್ತಕದ ಅಂಚಿನಲ್ಲಿ ಎರಡೆರಡು ಪದ ಸಾಕು: ‘ಇಲ್ಲಿ ತುಂಬಿಸಿದೆ’, ‘ನೇರಳೆ ಹೋಗಲಿಲ್ಲ’, ‘ಹೊಸ ಬಫರ್ ಬಾಟಲಿ’.

ಇನ್ನೊಂದು ಸಂಗತಿಯನ್ನು ನೇರವಾಗಿ ಹೇಳಬೇಕು. ಕೆಲವರು 18.8ನ್ನು ಅಳಿಸಿ 18.1 ಎಂದು ಮಾಡಿಕೊಳ್ಳುತ್ತಾರೆ. ಪಕ್ಕದ ಮೇಜಿನ ಅಂಕಿ ನೋಡಿ ಭಯವಾಗಿ ಮಾಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ಆ ಅಂಕಿ ಹೋದ ಮೇಲೆ ದೋಷ ಪತ್ತೆಗೆ ಇದ್ದ ಒಂದೇ ಸಾಕ್ಷಿ ಹೋಯಿತು. ಹಳೆಯದು ಕಾಣುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಒಪ್ಪದ ರೀಡಿಂಗ್ ಇಟ್ಟುಕೊಂಡು ಕಾರಣ ಹುಡುಕಿದವರಿಗೆ ನಾನು ಒಂದು ಅಂಕವನ್ನೂ ಕಡಿಯುವುದಿಲ್ಲ.

ಕಾರಣ ಸಿಗದೇ ಹೋದಾಗ

ಎಲ್ಲ ಸಲವೂ ಕಾರಣ ಸಿಗುವುದಿಲ್ಲ. ಅದೇ ತಂಡದ ಇನ್ನೊಬ್ಬ ಹುಡುಗನಿಗೆ ಬಣ್ಣ ಶುದ್ಧ ನೀಲಿಗೆ ಬರಲೇ ಇಲ್ಲ, ಮಂಕು ನೇರಳೆಯಲ್ಲೇ ನಿಂತಿತು. ಇದಕ್ಕೆ ಕಾರಣಗಳು ಹಲವು. ಬಫರ್ ಬಾಟಲಿಯ ಮುಚ್ಚಳ ತೆರೆದೇ ಇದ್ದು ಅಮೋನಿಯಾ ಹಾರಿಹೋಗಿ ಪಿಎಚ್ ಇಳಿದಿರಬಹುದು. ಸೂಚಕ ಹಳತಾಗಿ ಕೆಟ್ಟಿರಬಹುದು. ನೀರಿನಲ್ಲಿರುವ ತಾಮ್ರ ಅಥವಾ ಕಬ್ಬಿಣ ಸೂಚಕವನ್ನು ಹಿಡಿದುಕೊಂಡು ಬಿಡದೆ ಇರಬಹುದು.

ಅವನು ಮಾಡಿದ ಪರೀಕ್ಷೆ ಚೊಕ್ಕವಾಗಿತ್ತು. ಡಿಸ್ಟಿಲ್ಡ್ ನೀರಿಗೆ ಮೆಗ್ನೀಸಿಯಂ ಸಲ್ಫೇಟ್ ದ್ರಾವಣದ ಕೆಲವು ಹನಿ ಹಾಕಿ, ಅದೇ ಬಫರ್, ಅದೇ ಸೂಚಕ ಬಳಸಿ ಟೈಟ್ರೇಟ್ ಮಾಡಿದ. ಬಣ್ಣ ಥಟ್ಟನೆ ನೀಲಿಯಾಯಿತು. ಬಫರೂ ಸೂಚಕವೂ ಚೆನ್ನಾಗಿವೆ, ದೋಷ ಇರುವುದು ನೀರಿನಲ್ಲೇ ಎಂದು ಗೊತ್ತಾಯಿತು. ಯಾವ ಲೋಹ ಎಂದು ನೋಡಲು ಆ ದಿನ ಸಮಯ ಇರಲಿಲ್ಲ. ಅವನು ತಂದಿದ್ದ ನೀರೂ ಮುಗಿದಿತ್ತು. ರೆಕಾರ್ಡಿನಲ್ಲಿ ಹೀಗೆ ಬರೆದ: “ಬಫರ್ ಮತ್ತು ಸೂಚಕ ಸರಿಯಿವೆ ಎಂದು ಪರೀಕ್ಷಿಸಿದೆ. ದೋಷ ನೀರಿನಲ್ಲಿರುವ ಯಾವುದೋ ಲೋಹದಿಂದ ಬಂದಿರಬಹುದು. ಯಾವುದೆಂದು ನೋಡಿಲ್ಲ. ಆದ್ದರಿಂದ ನನ್ನ ಗಡಸುತನದ ಅಂಕಿಯನ್ನು ಕೊಡುತ್ತಿಲ್ಲ. ನೀರು ತಂದದ್ದು ಮನೆಯ ಹಿಂದಿನ ಬೋರ್‌ವೆಲ್‌ನಿಂದ, ತುಕ್ಕು ಹಿಡಿದ ಕಬ್ಬಿಣದ ಪೈಪಿನ ಮೂಲಕ.”

ಮುಂದಿನ ಸಲ ಪೈಪಿಗೂ ಮುಂಚೆ, ಬೋರ್‌ವೆಲ್ ಬಾಯಿಯಿಂದಲೇ ಇನ್ನೊಂದು ಬಾಟಲಿ ತರಲು ಹೇಳಿದ್ದೇನೆ.